ಸಂಪಾದಕರ ಉತ್ತರ: ಒಂದು ಪದಗುಚ್ಛ, ಎರಡು ಬರವಣಿಗೆ

ಮಾನ್ಯ ಸಂಪಾದಕರೇ, ಇಂಗ್ಲಿಷಿನ ಲೈಸೆನ್ಸ್, ಪ್ರಾಕ್ಟೀಸ್ ಎರಡನ್ನೂ ಕೆಲವರು ಕೊನೆಯಲ್ಲಿ ‘ಸಿ’ ಹಾಕಿ ಬರೆಯುತ್ತಾರೆ, ಕೆಲವರು ‘ಎಸ್’ ಹಾಕಿ. ಕಂಪ್ಯೂಟರು ಎರಡನ್ನೂ ತಪ್ಪೆನ್ನುವುದಿಲ್ಲ. ಯಾವುದನ್ನು ನಂಬಲಿ?
— ಒಬ್ಬ ಓದುಗ

ಬ್ರಿಟನ್ನಿನಲ್ಲಿ ವೈದ್ಯರ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್ 2009ರಿಂದ ವೈದ್ಯರಿಗೆ ‘ಲೈಸೆನ್ಸ್ ಟು ಪ್ರಾಕ್ಟೀಸ್’ ಕೊಡುತ್ತಿದೆ. ಈ ಒಂದು ಪದಗುಚ್ಛ ಸಾಕು. ಕೌನ್ಸಿಲ್ ಅದನ್ನು ಬರೆಯುವಾಗ ಲೈಸೆನ್ಸಿಗೆ ‘ಸಿ’, ಪ್ರಾಕ್ಟೀಸಿಗೆ ‘ಎಸ್’. ಇದನ್ನೇ ಅಮೆರಿಕದವರು ಬರೆದರೆ ಲೈಸೆನ್ಸಿಗೆ ‘ಎಸ್’, ಪ್ರಾಕ್ಟೀಸಿಗೆ ‘ಸಿ’. ಎರಡೂ ಕಡೆ ಅದಲುಬದಲು!

ಬ್ರಿಟನ್ನಿನವರು ನಾಮಪದಕ್ಕೆ ‘ಸಿ’, ಕ್ರಿಯಾಪದಕ್ಕೆ ‘ಎಸ್’ ಎಂದು ಭೇದ ಮಾಡುತ್ತಾರೆ. ಮೇಲಿನ ಮಾತಿನಲ್ಲಿ ಲೈಸೆನ್ಸ್ ಎಂಬುದು ಕೈಗೆ ಸಿಗುವ ಪರವಾನಗಿ, ಪ್ರಾಕ್ಟೀಸ್ ಎಂಬುದು ಮಾಡುವ ಕೆಲಸ. ಅಮೆರಿಕದವರಿಗೆ ಈ ಭೇದವೇ ಇಲ್ಲ. ಒಂದು ಪದಕ್ಕೆ ಒಂದೇ ರೂಪ ಇಟ್ಟುಕೊಂಡರು. ಆದರೆ ಲೈಸೆನ್ಸಿಗೆ ಎಲ್ಲೆಡೆ ‘ಎಸ್’, ಪ್ರಾಕ್ಟೀಸಿಗೆ ಎಲ್ಲೆಡೆ ‘ಸಿ’. ‘ಅಮೆರಿಕದವರು ಎಲ್ಲಕ್ಕೂ ಎಸ್ ಹಾಕುತ್ತಾರೆ’ ಎಂದುಕೊಂಡವರು ಎಡವುವುದು ಇಲ್ಲಿಯೇ.

ಈ ಎರಡು ಪದಗಳ ಉಚ್ಚಾರಣೆ ನಾಮಪದದಲ್ಲೂ ಕ್ರಿಯಾಪದದಲ್ಲೂ ಒಂದೇ, ಹಾಗಾಗಿ ಕಿವಿ ನೆರವಿಗೆ ಬರುವುದಿಲ್ಲ. ‘ಅಡ್ವೈಸ್’ ಮತ್ತು ‘ಅಡ್ವೈಜ್’ ಜೋಡಿಯನ್ನು ನೆನಪಿಟ್ಟುಕೊಳ್ಳಿ. ಅಲ್ಲಿ ಸಲಹೆಗೆ ‘ಸಿ’, ಸಲಹೆ ಕೊಡುವುದಕ್ಕೆ ‘ಎಸ್’ ಎಂಬುದು ಕೇಳಿಸಿಯೇ ಕೇಳಿಸುತ್ತದೆ. ಅನುಮಾನ ಬಂದಾಗ ಆ ಜೋಡಿಯನ್ನು ನಿಮ್ಮ ವಾಕ್ಯದಲ್ಲಿ ಕೂರಿಸಿ ನೋಡಿ. ಅರ್ಥ ಕೆಟ್ಟರೂ ಚಿಂತೆಯಿಲ್ಲ, ಯಾವ ದನಿ ಹೊಂದುತ್ತದೆ ಎಂಬುದಷ್ಟೇ ಮುಖ್ಯ.

ಕನ್ನಡಿಗರಿಗೆ ಇದು ತುಸು ಹೆಚ್ಚೇ ಕಷ್ಟ ಎಂದು ನನಗನ್ನಿಸುತ್ತದೆ. ನಾವು ‘ಪ್ರಾಕ್ಟೀಸ್ ಮಾಡು’ ಎನ್ನುತ್ತೇವೆ. ನಮ್ಮ ಬಾಯಲ್ಲಿ ಆ ಪದ ಯಾವಾಗಲೂ ನಾಮಪದ, ಕ್ರಿಯೆಯ ಭಾರವೆಲ್ಲ ‘ಮಾಡು’ವಿನದು. ಇಂಗ್ಲಿಷಿನಲ್ಲಿ ಆ ‘ಮಾಡು’ ಪದದೊಳಗೇ ಕರಗಿದ್ದರೆ ‘ಎಸ್’ ಬರೆಯಿರಿ. ವೃತ್ತಿಯಲ್ಲಿರುವ ವೈದ್ಯರನ್ನು ‘ಪ್ರಾಕ್ಟೀಸಿಂಗ್ ಡಾಕ್ಟರ್’ ಎನ್ನುವಾಗ ‘ಎಸ್’. ಬ್ರಿಟನ್ನಿನ ವೈದ್ಯರ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವ ‘ಪ್ರಾಕ್ಟೀಸ್ ನರ್ಸ್’ಗೆ ‘ಸಿ’, ಏಕೆಂದರೆ ಇಲ್ಲಿ ಪ್ರಾಕ್ಟೀಸ್ ಎಂದರೆ ಆ ಚಿಕಿತ್ಸಾಲಯವೇ.

ಈ ಉಪಾಯ ಕೈಕೊಡುವ ಜಾಗವೂ ಒಂದಿದೆ. ‘ಲೈಸೆನ್ಸ್ಡ್ ಡ್ರೈವರ್’ ಅನ್ನು ನಾವು ‘ಲೈಸೆನ್ಸ್ ಇರುವ ಚಾಲಕ’ ಎನ್ನುತ್ತೇವೆ. ಅಲ್ಲಿ ‘ಮಾಡು’ ಕಾಣದು. ಆದರೂ ಕೊನೆಯ ‘ಡ್’ ಕ್ರಿಯಾಪದದಿಂದ ಬಂದದ್ದು, ಹಾಗಾಗಿ ಬ್ರಿಟನ್ನಿನಲ್ಲೂ ‘ಎಸ್’. ‘ಲೈಸೆನ್ಸಿಂಗ್’ ಕೂಡ ಹಾಗೆಯೇ. ಆ ಚಾಲಕನ ಜೇಬಿನಲ್ಲಿರುವ ‘ಡ್ರೈವಿಂಗ್ ಲೈಸೆನ್ಸ್’ಗೆ ಮಾತ್ರ ‘ಸಿ’.

ಕಂಪ್ಯೂಟರಿನ ವಿಷಯ ಸರಳ. ಭಾಷೆಯನ್ನು ಬ್ರಿಟಿಷ್ ಇಂಗ್ಲಿಷ್ ಎಂದು ಇಟ್ಟರೆ ನಾಲ್ಕೂ ರೂಪಗಳು ಅದರ ನಿಘಂಟಿನಲ್ಲಿರುತ್ತವೆ. ಅಕ್ಷರವನ್ನಷ್ಟೇ ನೋಡುವ ತಪಾಸಣೆಗೆ ನಾಮಪದದ ಜಾಗದಲ್ಲಿ ಕ್ರಿಯಾಪದ ಕೂತದ್ದು ಗೊತ್ತಾಗುವುದಿಲ್ಲ, ಕೆಂಪು ಗೆರೆ ಬೀಳುವುದಿಲ್ಲ. ಬ್ರಿಟಿಷ್ ಓದುಗರಿಗೆ ಬರೆದಾಗ ಈ ಎರಡು ಪದಗಳನ್ನು ಹುಡುಕಿ ತೆಗೆದು ಒಂದೊಂದಾಗಿ ನೀವೇ ನೋಡಬೇಕು. ಅಮೆರಿಕದ ಸಂಸ್ಥೆಯ ಹೆಸರಿನಲ್ಲೋ ಕಾನೂನಿನ ಹೆಸರಿನಲ್ಲೋ ಅವು ಸಿಕ್ಕರೆ ಇದ್ದ ಹಾಗೇ ಬಿಡಿ.