‘ಸಾಧ್ಯವಿಲ್ಲ’ ಎಂದು ಬರೆಯುವ ಮುನ್ನ

“`n` ವಸ್ತುಗಳನ್ನು ಕ್ರಮವಾಗಿ ಜೋಡಿಸಲು ಮರ್ಜ್ ಸಾರ್ಟ್, ಹೀಪ್ ಸಾರ್ಟ್ ಎಂಬ ವಿಧಾನಗಳೆರಡೂ ಸುಮಾರು `n log n` ಹೆಜ್ಜೆ ತಗೊಳ್ಳುತ್ತವೆ. ಇಷ್ಟು ವರ್ಷ ಹುಡುಕಿದರೂ ಇದಕ್ಕಿಂತ ವೇಗದ್ದು ಯಾರಿಗೂ ಸಿಕ್ಕಿಲ್ಲ. ಆದ್ದರಿಂದ ಯಾವ ವಿಧಾನಕ್ಕೂ ಇದನ್ನು ಮೀರಲು ಸಾಧ್ಯವಿಲ್ಲ. ಸರ್, ಲೇಖನ ಪ್ರಕಟಣೆಗೆ ಯೋಗ್ಯವೇ?” (ಸೇಡಂನಿಂದ ಬಂದ ಲೇಖನ ಮತ್ತು ಪತ್ರದಿಂದ)

ಭಾಷೆ ತಿಳಿಯಾಗಿದೆ. ಕಲಬುರಗಿ ಗಂಜಿನ ತೊಗರಿ ಚೀಲಗಳನ್ನು ಉದಾಹರಣೆಗೆ ಆರಿಸಿದ್ದೂ ಒಳ್ಳೆಯದೇ. ಆದರೆ ನಿಮ್ಮ ಆ ‘ಆದ್ದರಿಂದ’ ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಕಲಬುರಗಿಯ ಒಂದು ವಾರಪತ್ರಿಕೆಯಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ, ಅಲ್ಲಿನ ಹಿರಿಯರು ಬಂದ ಬರಹಗಳನ್ನು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಓದುತ್ತಿದ್ದರು. ‘ಸಾಧ್ಯವಿಲ್ಲ’ ಎಂಬ ಮಾತು ಬಂದರೆ ಅವರ ಬೆರಳು ಅಲ್ಲೇ ನಿಲ್ಲುತ್ತಿತ್ತು. “ಯಾರ ಕಡಿಂದ ಆಗಲ್ಲ? ಇವನ ಕಡಿಂದೊ, ಯಾರ ಕಡಿಂದೂನೊ?” ಎಂದು ಕೇಳುತ್ತಿದ್ದರು. ಅದೇ ಪ್ರಶ್ನೆಯನ್ನು ನಿಮಗೆ ಕೇಳುತ್ತೇನೆ. ಇದುವರೆಗೆ ಯಾರಿಗೂ ಸಿಕ್ಕಿಲ್ಲ ಎಂಬುದು ಹುಡುಕಿದವರ ಸುದ್ದಿ. ನಾಳೆ ಯಾದಗಿರಿಯ ಹುಡುಗಿಯೊಬ್ಬಳು ಹೊಸ ವಿಧಾನ ತಂದರೆ ನಿಮ್ಮ ವಾಕ್ಯ ಅವಳನ್ನು ತಡೆಯಲಾರದು. ಅವಳ ವಿಧಾನ ಏನೆಂದು ನೋಡದೆಯೇ ಅದು ಸೋಲುತ್ತದೆಂದು ತೋರಿಸಬೇಕು. ಈ ವಿಷಯದ ಜೀವ ಇರುವುದೇ ಅಲ್ಲಿ.

ನಿಮ್ಮ ಚೀಲಗಳನ್ನೇ ತೆಗೆದುಕೊಳ್ಳೋಣ. ನಾಲ್ಕು ಚೀಲ, ಒಂದಕ್ಕೊಂದು ಸಮ ತೂಗುವುದಿಲ್ಲ. ಅವನ್ನು ಭಾರದ ಕ್ರಮದಲ್ಲಿ ಜೋಡಿಸಬೇಕು. ತಕ್ಕಡಿ ಇದೆ, ತೂಕದ ಕಲ್ಲು ಇಲ್ಲ. ಎರಡು ಚೀಲ ಇಟ್ಟರೆ ಯಾವುದು ಭಾರ ಎಂಬುದಷ್ಟೇ ಗೊತ್ತಾಗುತ್ತದೆ. ಈಗ ವಿಧಾನದ ಗೊಡವೆ ಬಿಟ್ಟು, ಏನೇನು ಸಾಧ್ಯತೆ ಉಳಿದಿದೆ ಎಂದು ಎಣಿಸಿ. ನಾಲ್ಕು ಚೀಲ 4×3×2×1, ಅಂದರೆ 24 ಕ್ರಮಗಳಲ್ಲಿ ಯಾವುದಾದರೂ ಒಂದರಲ್ಲಿರಬಹುದು. ಒಂದು ಸಲ ತೂಗಿದರೆ ಈ 24 ಎರಡು ಪಾಲಾಗುತ್ತವೆ: ಎಡ ಭಾರ ಎಂಬ ಉತ್ತರಕ್ಕೆ ಹೊಂದುವವು ಒಂದು ಕಡೆ, ಬಲ ಭಾರ ಎಂಬುದಕ್ಕೆ ಹೊಂದುವವು ಇನ್ನೊಂದು ಕಡೆ. ಹೇಗೆ ಪಾಲು ಮಾಡಿದರೂ ದೊಡ್ಡ ಪಾಲು 12ಕ್ಕಿಂತ ಕಡಿಮೆಯಾಗದು. ಅತಿ ಕೆಟ್ಟ ಸಂದರ್ಭವೆಂದರೆ ಪ್ರತಿ ಸಲವೂ ಉತ್ತರ ದೊಡ್ಡ ಪಾಲಿನ ಕಡೆಗೇ ಬೀಳುವುದು. ಹಾಗಾದಾಗ ಮೊದಲ ತೂಕದ ನಂತರ ಕನಿಷ್ಠ 12, ಎರಡನೆಯದರ ನಂತರ 6, ಮೂರನೆಯದರ ನಂತರ 3, ನಾಲ್ಕನೆಯದರ ನಂತರ 2 ಕ್ರಮಗಳು ಉಳಿದೇ ಇರುತ್ತವೆ. ಎರಡು ಉಳಿದಿರುವಾಗ ಯಾವುದು ಸರಿ ಎಂದು ಯಾರೂ ಹೇಳಲಾರರು. ಐದನೆಯ ತೂಕ ಬೇಕೇಬೇಕು. ಇದರಲ್ಲಿ ಯಾವ ವಿಧಾನದ ಹೆಸರೂ ಬರಲಿಲ್ಲ ನೋಡಿ!

ಚೀಲಗಳು `n` ಇದ್ದರೂ ತರ್ಕ ಇದೇ. ಕ್ರಮಗಳು `n!`, `k` ಸಲ ತೂಗಿದರೆ ಬರಬಹುದಾದ ಉತ್ತರಗಳ ಸರಣಿ ಹೆಚ್ಚೆಂದರೆ `2^k`. ಎಲ್ಲ ಕ್ರಮಗಳನ್ನೂ ಬೇರ್ಪಡಿಸಲು `2^k` ಎಂಬುದು `n!`ಗಿಂತ ಕಡಿಮೆ ಇರಬಾರದು. `n!` ಎಂಬ ಗುಣಾಕಾರದಲ್ಲಿ ದೊಡ್ಡ ಅರ್ಧದ ಸಂಖ್ಯೆಗಳೆಲ್ಲ `n/2` ಅಥವಾ ಅದಕ್ಕಿಂತ ಹೆಚ್ಚು. ಹಾಗಾಗಿ `k` ಕನಿಷ್ಠ `(n/2) log (n/2)` ಆಗಲೇಬೇಕು. ಲಾಗ್ ಇಲ್ಲಿ ಎರಡರ ಆಧಾರದ್ದು. ನಿಮ್ಮ `n log n` ಬರುವುದು ಇಲ್ಲಿಂದ. ಸಾವಿರ ಚೀಲಕ್ಕೆ ನೇರವಾಗಿ ಲೆಕ್ಕ ಹಾಕಿದರೆ ಕನಿಷ್ಠ 8530 ತೂಕ.

ಇನ್ನೊಂದು ತಪ್ಪು ‘ಯಾವ ವಿಧಾನಕ್ಕೂ’ ಎಂಬ ಮಾತಿನಲ್ಲಿದೆ. ‘ಹೋಲಿಕೆಯಿಂದ ಜೋಡಿಸುವ’ ಎಂಬ ಮಾತನ್ನು ನೀವು ಬಿಟ್ಟುಬಿಟ್ಟಿದ್ದೀರಿ. ಅದು ಬಿದ್ದುಹೋದರೆ ವಾಕ್ಯ ಸುಳ್ಳಾಗುತ್ತದೆ. ಪ್ರತಿ ಚೀಲದ ಮೇಲೆ 40ರಿಂದ 60ರೊಳಗಿನ ಪೂರ್ಣ ಕಿಲೋ ಬರೆದಿದ್ದರೆ, 21 ಸಾಲು ಗುರುತಿಸಿ ಪ್ರತಿಯೊಂದನ್ನೂ ಅದರ ಸಾಲಿಗೆ ಇಟ್ಟರಾಯಿತು. ಸಾವಿರ ಚೀಲವಿದ್ದರೂ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ, ಒಂದನ್ನೂ ಇನ್ನೊಂದಕ್ಕೆ ಹೋಲಿಸುವ ಪ್ರಸಂಗವೇ ಬರುವುದಿಲ್ಲ. ಎಣಿಕೆಯ ಈ ವಿಧಾನವನ್ನು ಮೇಲಿನ ತರ್ಕ ಮುಟ್ಟುವುದೂ ಇಲ್ಲ. ಏಕೆಂದರೆ ಇಲ್ಲಿ ಒಂದು ನೋಟಕ್ಕೆ ಸಿಗುವ ಉತ್ತರ ಎರಡರಲ್ಲಿ ಒಂದಲ್ಲ, 21ರಲ್ಲಿ ಒಂದು.

ಲೇಖನವನ್ನು ಮತ್ತೆ ಬರೆದು ಕಳಿಸಿ. ನಾಲ್ಕು ಚೀಲಕ್ಕೆ ಐದು ತೂಕ ಸಾಕು ಎಂಬುದನ್ನೂ ತೋರಿಸಿ: ಎರಡೆರಡರ ಜೋಡಿ ಮಾಡಿ ತೂಗಿ, ಭಾರದವೆರಡನ್ನು ಪರಸ್ಪರ ತೂಗಿ. ಅಲ್ಲಿಗೆ ಮೂರು ಚೀಲಗಳ ಕ್ರಮ ಗೊತ್ತಾಗುತ್ತದೆ, ಉಳಿದೊಂದನ್ನು ಎರಡು ತೂಕದಲ್ಲಿ ಅದರ ಜಾಗಕ್ಕೆ ಸೇರಿಸಬಹುದು. ಆದರೆ ಈ ಕನಿಷ್ಠ ಮಿತಿಯನ್ನು ಯಾವಾಗಲೂ ಮುಟ್ಟಬಹುದು ಎಂದು ಮಾತ್ರ ಬರೆಯಬೇಡಿ. 12 ವಸ್ತುಗಳಿಗೆ ಈ ಲೆಕ್ಕ 29 ಎನ್ನುತ್ತದೆ. 29 ಸಾಲದು, 30 ಬೇಕು ಎಂದು ಸಂಶೋಧಕ ಮಾರ್ಕ್ ವೆಲ್ಸ್ 1965ರಲ್ಲಿ ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದರು.