ಬೀಡಿನ ಶಾಫ್ಟು ಸುರುಳಿಯಾಗಿ ಮುರಿಯುವುದೇಕೆ?

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ತಿರ ಸಣ್ಣ ಆಲೆಮನೆ. ಗಾಣದ ಮುಖ್ಯ ರೋಲರ್ ಸವೆದಿತ್ತು, ಹೊಸದು ಮಾಡಿಸಿದೆವು. ರೋಲರ್, ಶಾಫ್ಟು ಸೇರಿ ಒಂದೇ ಬೀಡುಕಬ್ಬಿಣದ ಎರಕ. ಶಾಫ್ಟು 40 ಮಿ.ಮೀ., ಮೋಟಾರು 3 ಎಚ್‌ಪಿ, ರೋಲರ್ ನಿಮಿಷಕ್ಕೆ 15 ಸುತ್ತು. ಎರಡು ವಾರ ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ಕಬ್ಬು ಸಿಕ್ಕಿಹಾಕಿಕೊಂಡು ಶಾಫ್ಟು ತುಂಡಾಯ್ತು. ಅಡ್ಡಕ್ಕೆ ನೇರವಾಗಿ ಅಲ್ಲ, ಸುರುಳಿಯಾಗಿ. ಬೀಡು ಟನ್‌ಗಟ್ಟಲೆ ಭಾರ ಹೊರುತ್ತೆ, ಇಷ್ಟಕ್ಕೆಲ್ಲ ಮುರಿಯಲ್ಲ, ಎರಕದಲ್ಲೇ ದೋಷ ಅಂತ ಮೆಕ್ಯಾನಿಕ್ ಹೇಳ್ತಾರೆ. ಹೌದಾ?

ಉತ್ತರ: ಅಲ್ಲ. ಪಾಪ, ಎರಕದವರನ್ನು ಬಿಟ್ಟುಬಿಡಿ.

ಆಲೆಮನೆ ಶುರುವಾಯಿತು ಅಂದರೆ ನನಗೆ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಒಮ್ಮೆ ಗಾಣದ ಶಾಫ್ಟು, ಇನ್ನೊಮ್ಮೆ ಅಡಿಕೆ ಸುಲಿಯುವ ಯಂತ್ರದ ಶಾಫ್ಟು. ವಾದ ಮಾತ್ರ ಬದಲಾಗುವುದಿಲ್ಲ: ಬೀಡು ಭಾರ ಹೊರುತ್ತೆ, ಹಾಗಾಗಿ ಅದು ಎಲ್ಲದಕ್ಕೂ ಗಟ್ಟಿ. ಈ 'ಹಾಗಾಗಿ' ಎಷ್ಟು ಜನರ ದುಡ್ಡು ತಿಂದಿದೆಯೋ!

ಬೀಡಿಗೆ ಒಂದೇ ಬಲ ಅಂತ ಇಲ್ಲ. ಎಳೆದರೆ ಒಂದು, ಒತ್ತಿದರೆ ಇನ್ನೊಂದು. ನಮ್ಮ ಕಡೆ ಸಾಮಾನ್ಯವಾಗಿ ಎರಕ ಹೊಯ್ಯುವ ಎಫ್‌ಜಿ 200 ದರ್ಜೆಯ ಬೂದು ಬೀಡನ್ನೇ ತೆಗೆದುಕೊಳ್ಳಿ. ಆ 200 ಅಂದರೆ ಎಳೆತದಲ್ಲಿ ಅದು ತಡೆಯುವ ಒತ್ತಡ, ಚದರ ಮಿಲಿಮೀಟರಿಗೆ 200 ನ್ಯೂಟನ್. ಸುಮಾರು 20 ಕೆ.ಜಿ. ಭಾರ. ಒತ್ತುವಾಗ ಅದೇ ಬೀಡು 720 ನ್ಯೂಟನ್‌ವರೆಗೂ ತಡೆಯುತ್ತದೆ. ಕಾರಣ ಒಳಗಿರುವ ಗ್ರಾಫೈಟು. ಬೂದು ಬೀಡಿನ ತುಂಬ ಅದು ತೆಳ್ಳಗಿನ ಎಲೆ ಎಲೆಯಾಗಿ ಹರಡಿಕೊಂಡಿರುತ್ತದೆ. ಗ್ರಾಫೈಟಿಗೆ ಸ್ವಂತ ಬಲ ಇಲ್ಲದಷ್ಟೇ ಕಡಿಮೆ, ಹಾಗಾಗಿ ಪ್ರತಿ ಎಲೆಯೂ ಒಂದು ಸಣ್ಣ ಬಿರುಕೇ. ಎಳೆದರೆ ಬಿರುಕು ಬಾಯಿ ಬಿಡುತ್ತದೆ, ಒತ್ತಿದರೆ ಮುಚ್ಚಿಕೊಳ್ಳುತ್ತದೆ. ನಿಮ್ಮ ಮೆಕ್ಯಾನಿಕ್ ನೋಡಿದ್ದು ಒತ್ತಿಸಿಕೊಳ್ಳುವ ಬೀಡನ್ನು ಮಾತ್ರ.

ಶಾಫ್ಟನ್ನು ಯಾರೂ ಎಳೆಯಲಿಲ್ಲವಲ್ಲ, ತಿರುಚಿದ್ದಷ್ಟೇ ಅಲ್ವಾ ಅಂತ ನೀವು ಕೇಳಬಹುದು. ಇಲ್ಲೇ ಎಲ್ಲರೂ ಎಡವುವುದು. ಒಂದು ಶಾಫ್ಟಿನ ಮೈಮೇಲೆ ಸೀಮೆಸುಣ್ಣದಲ್ಲಿ ಒಂದು ಚಿಕ್ಕ ಚೌಕ ಬರೆದಿದ್ದೀರಿ ಅಂದುಕೊಳ್ಳಿ. ಎರಡು ಬದಿ ಶಾಫ್ಟಿನ ಉದ್ದಕ್ಕೆ, ಎರಡು ಬದಿ ಸುತ್ತಲೂ. ಶಾಫ್ಟು ತಿರುಚಿದಾಗ ಈ ಚೌಕ ವಾಲುತ್ತದೆ. ಆಗ ಅದರ ಒಂದು ಕರ್ಣ ಉದ್ದವಾಗುತ್ತದೆ, ಇನ್ನೊಂದು ಗಿಡ್ಡವಾಗುತ್ತದೆ. ಉದ್ದವಾಗುವ ಕರ್ಣದ ಮೇಲೆ ಬೀಳುವುದು ಅಪ್ಪಟ ಎಳೆತ, ಗಿಡ್ಡವಾಗುವುದರ ಮೇಲೆ ಅಪ್ಪಟ ಒತ್ತುವಿಕೆ. ತಿರುಚುವಿಕೆಯಿಂದ ಹುಟ್ಟುವ, ಪದರದ ಮೇಲೆ ಪದರ ಜಾರಿಸುವ ಶಿಯರ್ ಸ್ಟ್ರೆಸ್ 100 ಇದ್ದರೆ, 45 ಡಿಗ್ರಿ ಓರೆಯಲ್ಲಿ ಎಳೆತವೂ 100, ಅದಕ್ಕೆ ಅಡ್ಡಲಾಗಿ ಒತ್ತುವಿಕೆಯೂ 100. ಇದು ಉಕ್ಕಿಗೂ ಒಂದೇ, ಬೀಡಿಗೂ ಒಂದೇ.

ಮುಂದಿನದು ಯಾವುದು ಮೊದಲು ಸೋಲುತ್ತದೆ ಅನ್ನುವ ಪ್ರಶ್ನೆ. ಮೆದು ಉಕ್ಕು ಶಿಯರ್‌ನಲ್ಲಿ ಮೊದಲು ಜಾರುತ್ತದೆ, ಹಾಗಾಗಿ ಸುಮಾರಷ್ಟು ತಿರುಚಿಕೊಂಡು ಕೊನೆಗೆ ಅಡ್ಡಕ್ಕೆ ಚಪ್ಪಟೆಯಾಗಿ ತುಂಡಾಗುತ್ತದೆ. ಬೀಡಿನಲ್ಲಿ ಮೊದಲು ಸೋಲುವುದು ಎಳೆತ. ಎಳೆಸಿಕೊಂಡ ಕರ್ಣಕ್ಕೆ ಅಡ್ಡವಾಗಿ ಬಿರುಕು ಏಳುತ್ತದೆ. ಆ ಓರೆ ಗೆರೆ ದುಂಡು ಶಾಫ್ಟಿನ ಸುತ್ತ ಹೋದರೆ ಸುರುಳಿಯೇ ಆಗಬೇಕು, ಬೇರೆ ದಾರಿ ಇಲ್ಲ. ಶಾಲೆಯ ಸೀಮೆಸುಣ್ಣವನ್ನು ಎರಡೂ ತುದಿ ಹಿಡಿದು, ಬಾಗಿಸದೆ, ಸುಮ್ನೆ ತಿರುಚಿ ನೋಡಿ. ಅದೇ ಸುರುಳಿ. ಉಲ್ಟಾ ತಿರುಚಿದರೆ ಸುರುಳಿಯೂ ಉಲ್ಟಾ.

ಮ್ಯಾಕ್ಸಿಮಮ್ ನಾರ್ಮಲ್ ಸ್ಟ್ರೆಸ್ ಥಿಯರಿ ಅನ್ನುವುದು ಇಷ್ಟನ್ನೇ. ಸ್ಕಾಟ್ಲೆಂಡಿನ ಎಂಜಿನಿಯರ್ ರ‍್ಯಾಂಕಿನ್ ಹೆಸರಿನಲ್ಲೂ ಇದನ್ನು ಕರೆಯುತ್ತಾರೆ. ವಸ್ತುವಿನ ಒಳಗೆ ಯಾವ ದಿಕ್ಕಿನಲ್ಲಿ ನೇರ ಎಳೆತ ಅತಿ ಜಾಸ್ತಿ ಇದೆಯೋ ಅದನ್ನು ಹುಡುಕಿ, ಅದು ಎಳೆತದ ಬಲವನ್ನು ಮುಟ್ಟಿದರೆ ಮುರಿಯಿತು. ಒತ್ತುವಿಕೆಗೂ ಹಾಗೇ, ಅದರದ್ದೇ ಬಲದ ಜೊತೆ ಹೋಲಿಸಿ.

ಈಗ ನಿಮ್ಮ ಶಾಫ್ಟಿನ ಲೆಕ್ಕ. 3 ಎಚ್‌ಪಿ ಅಂದರೆ 2.24 ಕಿಲೋವ್ಯಾಟ್. ಕಿಲೋವ್ಯಾಟನ್ನು 9550ರಿಂದ ಗುಣಿಸಿ, ನಿಮಿಷದ ಸುತ್ತಿನಿಂದ ಭಾಗಿಸಿದರೆ ತಿರುಚುವ ಬಲ, ಅಂದರೆ ಟಾರ್ಕ್, ಸಿಗುತ್ತದೆ: ಸುಮಾರು 1,425 ನ್ಯೂಟನ್-ಮೀಟರ್. ಉಳಿದೆರಡು ರೋಲರ್‌ಗಳಿಗೂ ಶಕ್ತಿ ಹೋಗುವುದು ಮುಖ್ಯ ರೋಲರಿನ ಶಾಫ್ಟಿನ ಮೂಲಕವೇ, ಹಾಗಾಗಿ ಪೂರ್ತಿ ಟಾರ್ಕ್ ಅದರ ತಲೆ ಮೇಲೆ. ದುಂಡು ಶಾಫ್ಟಿಗೆ ಸೂತ್ರ ಎಲ್ಲರಿಗೂ ಗೊತ್ತಿರುವುದೇ:

τ = 16T / πd³

τ ಅಂದರೆ ಶಿಯರ್ ಸ್ಟ್ರೆಸ್, T ಟಾರ್ಕ್, d ಶಾಫ್ಟಿನ ವ್ಯಾಸ. ಟಾರ್ಕನ್ನು ನ್ಯೂಟನ್-ಮಿಲಿಮೀಟರಿಗೆ ತಿರುಗಿಸಿ ಹಾಕಿದರೆ 40 ಮಿ.ಮೀ.ಗೆ ಇದು ಚದರ ಮಿಲಿಮೀಟರಿಗೆ ಸುಮಾರು 113 ನ್ಯೂಟನ್ ಬರುತ್ತದೆ. ಮೇಲೆ ಹೇಳಿದ ಹಾಗೆ ಓರೆ ಎಳೆತವೂ 113. ಬಲ 200. ಆದ್ದರಿಂದಲೇ ಎರಡು ವಾರ ಓಡಿತು. ಕಬ್ಬು ಸಿಕ್ಕಿಕೊಂಡಾಗ ಮೋಟಾರು ನಿಲ್ಲುವ ಮುಂಚೆ ತನ್ನ ಮಾಮೂಲಿ ಟಾರ್ಕಿನ ಎರಡು, ಎರಡೂವರೆ ಪಟ್ಟು ಕೊಡುತ್ತದೆ. ಇಂಡಕ್ಷನ್ ಮೋಟಾರಿನ ಸ್ವಭಾವವೇ ಅದು. ತಿರುಗುತ್ತಿರುವ ರೋಲರ್, ಗಿಯರುಗಳ ರಭಸ ಬೇರೆ. ಎರಡು ಪಟ್ಟು ಅಂತ ಹಿಡಿದರೂ 227, ಎರಡೂವರೆ ಪಟ್ಟಿಗೆ 280 ದಾಟುತ್ತದೆ. ಮುರಿಯದಿದ್ದರೆ ಆಶ್ಚರ್ಯ ಪಡಬೇಕಿತ್ತು.

ಇಲ್ಲೊಂದು ಮಾತು ಹೇಳಬೇಕು, ಇಲ್ಲದಿದ್ದರೆ ಯಾರಾದರೂ ಟೆಸ್ಟ್ ರಿಪೋರ್ಟ್ ಹಿಡಿದು ಜಗಳಕ್ಕೆ ಬರುತ್ತಾರೆ. ಬೀಡಿನ ಸರಳನ್ನು ಯಂತ್ರದಲ್ಲಿ ತಿರುಚಿ ಮುರಿದು ಇದೇ ಸೂತ್ರ ಹಾಕಿದರೆ ಉತ್ತರ 200ಕ್ಕಿಂತ ಶೇ. 15ರಿಂದ 30ರಷ್ಟು ಜಾಸ್ತಿ ಬರುತ್ತದೆ. ಮುರಿಯುವ ಮುಂಚೆ ಹೊರಮೈ ಸ್ವಲ್ಪ ಬಿಟ್ಟುಕೊಟ್ಟು ಒಳಗಿನ ಬೀಡಿಗೂ ಭಾರ ಹಂಚುತ್ತದೆ, ಸೂತ್ರಕ್ಕೆ ಅದು ಗೊತ್ತಿಲ್ಲ. ಆ ಹೆಚ್ಚಿನದನ್ನು ನಂಬಿ ಶಾಫ್ಟು ತೆಳ್ಳಗೆ ಮಾಡಬೇಡಿ. ದಪ್ಪ ಎರಕ ನಿಧಾನ ತಣಿಯುತ್ತದೆ, ಗ್ರಾಫೈಟಿನ ಎಲೆ ದೊಡ್ಡದಾಗುತ್ತದೆ, ಬಲ 200ಕ್ಕಿಂತ ಕೆಳಗೆ ಬರಬಹುದು. ಕೀಲಿ ಕೂರಿಸುವ ತೋಡು, ಮೂಲೆಯ ಮೆಟ್ಟಿಲು ಎಲ್ಲ ಸೇರಿ ಕೊಟ್ಟದ್ದನ್ನು ವಾಪಸ್ ಕಸಿದುಕೊಳ್ಳುತ್ತವೆ.

ಎರಕದ ದೋಷ ಅಲ್ಲ ಅಂತ ಇಷ್ಟು ಖಚಿತವಾಗಿ ಹೇಳಿದ್ದು ನೀವು ಕಳಿಸಿದ ಫೋಟೋ ನೋಡಿ. ಮುರಿದ ಮುಖ ಪೂರ್ತಿ ಒಂದೇ ಬೂದು ಬಣ್ಣ, ಒರಟು ಕಾಳು. ಗಾಳಿಗುಳ್ಳೆ ಇಲ್ಲ, ಮರಳು ಸೇರಿದ ಗುರುತಿಲ್ಲ. ಸುರುಳಿ ಒಂದು ಸುತ್ತು ಬಂದು, ಅದರ ಎರಡು ತುದಿಯನ್ನು ಶಾಫ್ಟಿನ ಉದ್ದಕ್ಕೆ ಒಂದು ಒಡಕು ಗೆರೆ ಸೇರಿಸಿದೆ. ಬರೀ ತಿರುಚಿ ಮುರಿದದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಮುಖದ ಒಂದು ಭಾಗ ಕಬ್ಬಿನ ಹಾಲು ಕುಡಿದು ಕಂದಾಗಿ ತುಕ್ಕು ಹಿಡಿದಿದ್ದರೆ ಹಳೆಯ ಬಿರುಕು ಅನ್ನುತ್ತಿದ್ದೆ. ಅಡ್ಡಕ್ಕೆ ನೇರವಾಗಿ ಮುರಿದಿದ್ದರೆ ಬೇರಿಂಗ್ ಸಾಲು ತಪ್ಪಿ ಶಾಫ್ಟು ಬಾಗಿದೆಯಾ ಅಂತ ನೋಡಲು ಹೇಳುತ್ತಿದ್ದೆ.

ಪರಿಹಾರ? 60 ಮಿ.ಮೀ. ಮಾಡಿಸಿದರೆ ಲೆಕ್ಕ ಸರಿಹೋಗುತ್ತದೆ: ಮಾಮೂಲಿ ದಿನ 34, ಕಬ್ಬು ಸಿಕ್ಕಿದಾಗ 84. ಆದರೂ ನನ್ನನ್ನು ಕೇಳಿದರೆ ಬೀಡಿನ ಶಾಫ್ಟೇ ಬೇಡ. ಸಕ್ಕರೆ ಕಾರ್ಖಾನೆಯಲ್ಲಿ ಮಾಡುವ ಹಾಗೆ ಉಕ್ಕಿನ ಶಾಫ್ಟಿನ ಮೇಲೆ ಬೀಡಿನ ರೋಲರ್ ಬಿಗಿಯಾಗಿ ಕೂರಿಸಿ. ಕಬ್ಬು ಅರೆಯುವ ಮೈ ಬೀಡಿನದು, ತಿರುಚಿಸಿಕೊಳ್ಳುವ ನಡು ಉಕ್ಕಿನದು. ಹಾಗಂತ 40ರ ಉಕ್ಕು ಸಾಕು ಅಂದುಕೊಳ್ಳಬೇಡಿ. ಮೆದು ಉಕ್ಕು 125ರಿಂದ 145ರ ಶಿಯರ್‌ಗೆಲ್ಲ ಜಾರಲು ಶುರು ಮಾಡುತ್ತದೆ. ಮುರಿಯುವುದಿಲ್ಲ, ತಿರುಚಿಕೊಂಡು ಕೂರುತ್ತದೆ. ಉಕ್ಕನ್ನೂ 60ಕ್ಕೇ ಇಡಿ, ಗಿಯರಿಗೆ ಒಂದು ಶಿಯರ್ ಪಿನ್ ಹಾಕಿಸಿ. ಸಿಕ್ಕಿಹಾಕಿಕೊಂಡ ದಿನ ಮುರಿಯಬೇಕಾದ್ದು ಆ ಪಿನ್.

ಪ್ರಶ್ನೆ: ನಾನು ಕಾರವಾರದ ಎಂಜಿನಿಯರಿಂಗ್ ವಿದ್ಯಾರ್ಥಿ. ಲ್ಯಾಬ್‌ನಲ್ಲಿ ಬೀಡಿನ ಸಿಲಿಂಡರ್ ಒತ್ತಿದಾಗ ಓರೆಯಾಗಿ ಒಡೆಯಿತು. ಅತಿ ಜಾಸ್ತಿ ನಾರ್ಮಲ್ ಸ್ಟ್ರೆಸ್ ಇರುವುದು ಅಡ್ಡ ಸೀಳಿನ ಮೇಲೆ. ಹಾಗಾದರೆ ರ‍್ಯಾಂಕಿನ್ ಥಿಯರಿ ತಪ್ಪಾ?

ಉತ್ತರ: ಒಳ್ಳೆಯ ಕಣ್ಣು. ಒತ್ತುವಿಕೆಯಲ್ಲಿ ಈ ಥಿಯರಿ ಎಷ್ಟಕ್ಕೆ ಒಡೆಯುತ್ತದೆ ಅನ್ನುತ್ತದೆ, ಹೇಗೆ ಅನ್ನುವುದಿಲ್ಲ. ಆ 'ಎಷ್ಟು' ಕೂಡ ನೀವು ಟೆಸ್ಟ್ ಮಾಡಿ ಕೊಟ್ಟದ್ದೇ. ಬರೀ ಒತ್ತಿದಾಗ ಎಲ್ಲೂ ಎಳೆತ ಇಲ್ಲ, ಗ್ರಾಫೈಟಿನ ಬಿರುಕುಗಳು ಮುಚ್ಚಿವೆ, ಉಳಿದ ದಾರಿ ಓರೆಯಾಗಿ ಜಾರುವುದು. ಒಡೆಯುವ ಮುಂಚೆ ಸಿಲಿಂಡರಿನ ಹೊಟ್ಟೆ ತುಸು ಉಬ್ಬಿತ್ತಲ್ಲ, ಅದನ್ನೂ ಬರೆದುಕೊಳ್ಳಿ.

ಥಿಯರಿ ನಿಜವಾಗಿ ಮೋಸ ಮಾಡುವುದು ತಿರುಚುವಿಕೆ, ಭಾರೀ ಒತ್ತುವಿಕೆ ಎರಡೂ ಒಟ್ಟಿಗೆ ಬಂದಾಗ. ಒತ್ತುವಿಕೆ 400, ಶಿಯರ್ 200 ಅಂತಿಟ್ಟುಕೊಳ್ಳಿ. ಒತ್ತಡವನ್ನು ದಿಕ್ಕುವಾರು ಬಿಡಿಸಿ ತೋರಿಸುವ ಮೋರ್ ವೃತ್ತ ಬರೆದರೆ ಒಂದು ದಿಕ್ಕಿನಲ್ಲಿ 83ರ ಎಳೆತ, ಇನ್ನೊಂದರಲ್ಲಿ 483ರ ಒತ್ತುವಿಕೆ. ಬಲ 200, 720 ಅಂತ ಹಿಡಿದರೆ ರ‍್ಯಾಂಕಿನ್ ಪ್ರಕಾರ ಇನ್ನೂ ಒಂದೂವರೆ ಪಟ್ಟು ತಡೆಯುತ್ತದೆ. ಎಳೆತ, ಒತ್ತುವಿಕೆ ಎರಡನ್ನೂ ಕೂಡಿಸಿ ನೋಡುವ ಮಾಡಿಫೈಡ್ ಮೋರ್ ಥಿಯರಿ ಪ್ರಕಾರ 1.03 ಪಟ್ಟು, ಅಂದರೆ ಅಂಚಿನಲ್ಲೇ ನಿಂತಿದೆ. ಬೂದು ಬೀಡಿನ ಟೆಸ್ಟುಗಳು ಮಾಡಿಫೈಡ್ ಮೋರ್ ಕಡೆಗೇ ಒಲಿಯುತ್ತವೆ. ಬರೀ ತಿರುಚುವಿಕೆಯಲ್ಲಿ ಎರಡೂ ಒಂದೇ ಉತ್ತರ ಕೊಡುತ್ತವೆ, ಅದಕ್ಕೇ ಆಲೆಮನೆಯವರಿಗೆ ರ‍್ಯಾಂಕಿನ್ ಸಾಕಾಯಿತು. ಎಳೆತಕ್ಕಿಂತ ಒತ್ತುವಿಕೆ ಜಾಸ್ತಿ ಇರುವಲ್ಲಿ ನೀವು ಅದನ್ನು ಬಳಸಬೇಡಿ.

ಪ್ರಶ್ನೆ: ಸಾಫ್ಟ್‌ವೇರ್‌ನಲ್ಲಿ ಸ್ಟ್ರೆಸ್ ತೋರಿಸುವ ವಾನ್ ಮೈಸಸ್ ಚಿತ್ರ ಹಸಿರೇ ಇದೆ. ಬೀಡಿನ ಬ್ರಾಕೆಟ್ ಸೇಫ್ ಅಲ್ವಾ?

ಉತ್ತರ: ವಾನ್ ಮೈಸಸ್ ಉಕ್ಕಿನಂಥವಕ್ಕೆ, ಅದಕ್ಕೆ ಎಳೆತ ಒತ್ತುವಿಕೆ ಎರಡೂ ಒಂದೇ. ನೇರ ಎಳೆತ ಎಲ್ಲಿ ಅತಿ ಜಾಸ್ತಿ ಅಂತ ತೋರಿಸುವ ಮ್ಯಾಕ್ಸಿಮಮ್ ಪ್ರಿನ್ಸಿಪಲ್ ಸ್ಟ್ರೆಸ್ ಚಿತ್ರ ತೆಗೆದು ಕಳಿಸಿ, ಆಮೇಲೆ ಮಾತಾಡೋಣ.

ಪ್ರಶ್ನೆ: ಮುರಿದ ಬೀಡಿನ ಶಾಫ್ಟಿಗೆ ವೆಲ್ಡಿಂಗ್ ಮಾಡಿಸಬಹುದಾ?

ಉತ್ತರ: ಬೇಡ. ನಿಕಲ್ ರಾಡು, ಮೊದಲೇ ಬಿಸಿ ಮಾಡುವುದು ಎಲ್ಲ ಪಂಪಿನ ಕವಚಕ್ಕೆ ಆಗಬಹುದು, ತಿರುಗುವ ಶಾಫ್ಟಿಗೆ ಅಲ್ಲ.

ಪ್ರಶ್ನೆ: ಕುಮಟಾದಲ್ಲಿ ಒಬ್ಬರು ಬೀಡಿನ ಶಾಫ್ಟನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿಕೊಡ್ತಾರಂತೆ. ಮಾಡಿಸಲಾ?

ಉತ್ತರ: ಗ್ರಾಫೈಟಿನ ಎಲೆ ಎಣ್ಣೆಗೆ ಕರಗುವುದಿಲ್ಲ. ಶಾಫ್ಟು ಅದ್ದುವಾಗಲೇ ಬಿರುಕು ಬಿಟ್ಟರೆ ನಿಮ್ಮ ಅದೃಷ್ಟ, ಗಾಣಕ್ಕೆ ಹಾಕುವ ಮುಂಚೆಯೇ ಗೊತ್ತಾಗುತ್ತದೆ.