ಟ್ಯೂಬಿನಲ್ಲಿ ನಿಂತ ಗರ್ಭ ಐದನೇ ತಿಂಗಳು ಕಾಣುವುದಿಲ್ಲ

"ನಮಸ್ಕಾರ ಮೇಡಂ. ಒಂದು ಕಥೆ ಕಳಿಸಿದ್ದೇನೆ. ನಾಯಕಿ ಗೌರಿಗೆ ಇಬ್ಬರು ಮಕ್ಕಳು, ಆಪರೇಷನ್ ಆಗಿ ಆರು ವರ್ಷ. ಆದರೂ ಗರ್ಭ ನಿಲ್ಲುತ್ತದೆ, ಅದೂ ಟ್ಯೂಬಿನಲ್ಲಿ. ಐದನೇ ತಿಂಗಳಲ್ಲಿ ನೋವು ಬರುತ್ತದೆ. ಡಾಕ್ಟರು ಮಗುವನ್ನು ಗರ್ಭಕೋಶಕ್ಕೆ ಸರಿಸಿ ಇಬ್ಬರನ್ನೂ ಉಳಿಸುತ್ತಾರೆ. ನೀರಿನ ಕೊಡ ಹೊತ್ತಿದ್ದಕ್ಕೇ ಹೀಗಾಯಿತು ಎಂದು ಅತ್ತೆ ಬೈಯುವ ಭಾಗ ನನಗೆ ತುಂಬಾ ಇಷ್ಟ. ಎಲ್ಲಿ ತಿದ್ದಬೇಕು, ಮುಚ್ಚುಮರೆಯಿಲ್ಲದೆ ಹೇಳಿ."

ಹೇಳುತ್ತೇನೆ. ಈಗಿರುವ ರೂಪದಲ್ಲಿ ಈ ಕಥೆಯನ್ನು ನಾವು ಹಾಕುವುದಿಲ್ಲ. ಗೌರಿ ಮತ್ತು ಅವಳ ಅತ್ತೆ ಮಾತಾಡುವ ರೀತಿ ಚೆನ್ನಾಗಿ ಬಂದಿದೆ. ತೊಂದರೆ ಇರುವುದು ಆಸ್ಪತ್ರೆಯ ಭಾಗದಲ್ಲಿ. ಅಲ್ಲಿ ನೀವು ತೋರಿಸಿದ್ದು ನಡೆಯುವ ಮಾತೇ ಅಲ್ಲ. ಕಥೆ ತಾನೇ ಅಂತ ನೀವು ಅನ್ನಬಹುದು. ಆದರೆ ಇದನ್ನು ಓದಿದವರೊಬ್ಬರು ನಾಳೆ ಸ್ಕ್ಯಾನಿಂಗ್ ರೂಮಿನ ಹೊರಗೆ ನಿಂತು, "ಇನ್ನೆರಡು ವಾರ ನೋಡೋಣ, ಮಗು ಕೆಳಗೆ ಇಳಿದರೂ ಇಳಿಯಬಹುದು" ಎಂದು ಡಾಕ್ಟರ ಹತ್ತಿರ ಹಟ ಹಿಡಿಯಬಹುದು. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದ ವರ್ಷಗಳಲ್ಲಿ ಈ ಮಾತನ್ನು ನಾನು ಕೇಳಿದ್ದೇನೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಥೆಯ ಜೀವ ಇರುವುದು ಗೌರಿಗೆ ಆಪರೇಷನ್ ಆಗಿದೆ ಎನ್ನುವುದರಲ್ಲಿ. ಅದನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಸುಮ್ನೆ ದಾಟುವ ವಿಷಯ ಅಲ್ಲ ಅದು. ಟ್ಯೂಬೆಕ್ಟಮಿಯಲ್ಲಿ ಎರಡೂ ಕಡೆಯ ಗರ್ಭನಾಳವನ್ನು, ಅಂದರೆ ಟ್ಯೂಬನ್ನು, ಕಟ್ಟಿ ಕತ್ತರಿಸುತ್ತಾರೆ, ಇಲ್ಲವೇ ಉಂಗುರ ಹಾಕಿ ಮುಚ್ಚುತ್ತಾರೆ. ಆಮೇಲೆ ಗರ್ಭ ನಿಲ್ಲುವುದು ಬಹಳ ಅಪರೂಪ. ಆದರೆ ಕೆಲವರಲ್ಲಿ ಕತ್ತರಿಸಿದ ತುದಿಗಳು ವರ್ಷಗಳ ನಂತರ ಮತ್ತೆ ಕೂಡಿಕೊಳ್ಳುತ್ತವೆ, ಅಥವಾ ತುದಿಯಲ್ಲಿ ಸಣ್ಣದೊಂದು ಕಂಡಿ ಉಳಿಯುತ್ತದೆ. ವೀರ್ಯಾಣು ತೀರಾ ಚಿಕ್ಕದು, ಆ ಕಂಡಿಯಲ್ಲಿ ತೂರಿ ಅಂಡವನ್ನು ಸೇರುತ್ತದೆ. ಫಲಿತ ಅಂಡ ಅದಕ್ಕಿಂತ ಎಷ್ಟೋ ದೊಡ್ಡದು, ಅದೇ ದಾರಿಯಲ್ಲಿ ವಾಪಸ್ ಬರಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಪರೇಷನ್ ಆದವರಲ್ಲಿ ಗರ್ಭ ನಿಂತರೆ ಸುಮಾರು ಮೂರರಲ್ಲಿ ಒಂದು ಟ್ಯೂಬಿನಲ್ಲೇ ನಿಲ್ಲುತ್ತದೆ. ಆರು ವರ್ಷ ಆಯಿತಲ್ಲ, ಇನ್ನೇನು ಭಯ ಎನ್ನುವ ಹಾಗೂ ಇಲ್ಲ.

ಹಳ್ಳಿಮನೆಯಲ್ಲಿ ಇದರ ಅರ್ಥ ಏನು, ಯೋಚಿಸಿ. ಹೊಟ್ಟೆನೋವು ಅಂದರೆ ಗ್ಯಾಸ್ಟ್ರಿಕ್ ಅಂತಾರೆ. ಮುಟ್ಟು ತಡವಾದರೆ ಸುಸ್ತು, ರಕ್ತ ಕಡಿಮೆ ಅಂತಾರೆ. ಬಸುರಿ ಇರಬಹುದಾ ಎಂದು ಯಾರೂ ಕೇಳುವುದಿಲ್ಲ, ಗೌರಿಯೂ ಕೇಳಿಕೊಳ್ಳುವುದಿಲ್ಲ. ನಿಮ್ಮ ಕಥೆ ನಡೆಯಬೇಕಾದದ್ದು ಇಲ್ಲಿ.

ಈಗ ಕಾಲದ ವಿಷಯ. ಸಾಮಾನ್ಯವಾಗಿ ಅಂಡ ಮತ್ತು ವೀರ್ಯಾಣು ಕೂಡುವುದೇ ಗರ್ಭನಾಳದಲ್ಲಿ. ನಾಳದ ಒಳಗೋಡೆಯ ಸೂಕ್ಷ್ಮ ಎಳೆಗಳು ಮತ್ತು ಗೋಡೆಯ ಸ್ನಾಯು ಸೇರಿ ಅದನ್ನು ಮೂರು-ನಾಲ್ಕು ದಿನದಲ್ಲಿ ಗರ್ಭಕೋಶಕ್ಕೆ ತಳ್ಳುತ್ತವೆ. ಒಂದು ವಾರದ ಹೊತ್ತಿಗೆ ಅದು ಕಚ್ಚಿಕೊಳ್ಳಲು ಶುರು ಮಾಡುತ್ತದೆ. ಅಷ್ಟರಲ್ಲಿ ಎಲ್ಲಿದೆಯೋ ಅಲ್ಲೇ ಕಚ್ಚಿಕೊಳ್ಳುತ್ತದೆ, ಕಾಯುವುದಿಲ್ಲ. ಗರ್ಭಕೋಶದ ಗೋಡೆ ದಪ್ಪ ಸ್ನಾಯು. ಬೆಳೆದಂತೆ ಹಿಗ್ಗುತ್ತದೆ, ಮಾಸು ಎಷ್ಟು ಆಳಕ್ಕೆ ಇಳಿಯಬೇಕು ಎಂಬುದನ್ನು ಅದರ ಒಳಪದರ ತಡೆದು ನಿಲ್ಲಿಸುತ್ತದೆ. ಟ್ಯೂಬಿಗೆ ಆ ದಪ್ಪವೂ ಇಲ್ಲ, ಆ ಪದರವೂ ಇಲ್ಲ. ಮಾಸಾಗಬೇಕಿದ್ದ ಜೀವಕೋಶಗಳು ತೆಳು ಗೋಡೆಯನ್ನು ಕೊರೆದು ರಕ್ತನಾಳಗಳಿಗೆ ಇಳಿಯುತ್ತವೆ. ಕೊನೆಯ ಮುಟ್ಟಿನಿಂದ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಆರರಿಂದ ಹತ್ತು ವಾರದೊಳಗೆ ಟ್ಯೂಬ್ ಸೋರುತ್ತದೆ ಅಥವಾ ಒಡೆಯುತ್ತದೆ. ಟ್ಯೂಬು ಗರ್ಭಕೋಶದ ಗೋಡೆಯೊಳಗೆ ಹಾದುಹೋಗುವ ಜಾಗದಲ್ಲಿ ನಿಂತಿದ್ದರೆ ಇನ್ನೂ ಕೆಲವು ವಾರ ತಡೆಯಬಹುದು, ಆದರೆ ಅಲ್ಲಿ ಒಡೆದರೆ ರಕ್ತ ಇನ್ನೂ ಜಾಸ್ತಿ ಹೋಗುತ್ತದೆ. ಹಾಗಾಗಿ ಐದನೇ ತಿಂಗಳ ದೃಶ್ಯವನ್ನು ಪೂರ್ತಿ ಬಿಡಿ. ಹೊಟ್ಟೆ ಕಾಣುವ ಮೊದಲೇ, ಎಷ್ಟೋ ಸಲ ಬಸುರಿ ಅಂತ ಗೊತ್ತಾಗುವ ಮೊದಲೇ ಇದೆಲ್ಲ ನಡೆದುಹೋಗುತ್ತದೆ.

ಗರ್ಭವನ್ನು ಸರಿಸುವುದೂ ಆಗುವುದಿಲ್ಲ. ಅದು ಗೋಡೆಗೆ ಅಂಟಿಕೊಂಡ ಚೀಲವಲ್ಲ. ತಾಯಿಯ ರಕ್ತನಾಳಗಳ ಒಳಗೆ ಇಳಿದೇ ಅದು ಬದುಕಿರುತ್ತದೆ. ಬಿಡಿಸಿದ ಕ್ಷಣ ಆ ಸಂಪರ್ಕ ಹರಿಯುತ್ತದೆ, ಇನ್ನೊಂದು ಕಡೆ ಇಟ್ಟರೆ ಮತ್ತೆ ಕೂಡುವುದಿಲ್ಲ. ಇದಕ್ಕೆ ಯಾವ ದೇಶದಲ್ಲೂ ಚಿಕಿತ್ಸೆ ಇಲ್ಲ. ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಬೆಳೆದು ಬದುಕಿದ ಮಗುವಿನ ಸುದ್ದಿ ನೀವು ಓದಿರಬಹುದು. ಅವು ಗರ್ಭ ಟ್ಯೂಬಿನ ಹೊರಗೆ, ಹೊಟ್ಟೆಯ ಕುಹರದಲ್ಲಿ ಕಚ್ಚಿಕೊಂಡ ತೀರಾ ಅಪರೂಪದ ಪ್ರಕರಣಗಳು, ಅಲ್ಲೂ ತಾಯಿ ಸಾವಿನ ಅಂಚಿಗೆ ಹೋಗಿರುತ್ತಾಳೆ. ಟ್ಯೂಬಿನಲ್ಲಿ ಉಳಿದ ಗರ್ಭಕ್ಕೆ ಆ ದಾರಿಯಿಲ್ಲ. ಒಂದು ಕಾಲದಲ್ಲಿ ಟ್ಯೂಬು ಒಡೆದರೆ ವೈದ್ಯರು ಪಕ್ಕದಲ್ಲಿ ನಿಂತು ನೋಡುವುದೇ ಆಗಿತ್ತು. 1883ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಲಾಸನ್ ಟೇಟ್ ಎಂಬ ಸರ್ಜನ್ ಹೊಟ್ಟೆ ತೆರೆದು, ಒಡೆದ ಟ್ಯೂಬನ್ನು ಕಟ್ಟಿ ತೆಗೆದು ಒಬ್ಬ ಹೆಂಗಸನ್ನು ಉಳಿಸಿದ. ಕಾದು ನೋಡಿದರೆ ಏನಾಗುತ್ತದೆ ಎಂಬುದು ಅದಕ್ಕೂ ಮೊದಲೇ ಗೊತ್ತಿತ್ತು.

ಗೌರಿಯ ದಿನಗಳನ್ನು ಹೀಗೆ ಬರೆದು ನೋಡಿ. ಮುಟ್ಟು ಹತ್ತು ದಿನ ತಡವಾಗಿದೆ. ಆಮೇಲೆ ಸ್ವಲ್ಪ ಕಂದು ಬಣ್ಣದ ರಕ್ತ ಕಾಣುತ್ತದೆ. ಅಬ್ಬಾ ಬಂತು ಅಂತ ಅವಳು ನಿರಾಳವಾಗುತ್ತಾಳೆ. ಆದರೆ ಅದು ಮುಟ್ಟಲ್ಲ. ಟ್ಯೂಬಿನಲ್ಲಿರುವ ಗರ್ಭದ ಹಾರ್ಮೋನು ಗರ್ಭಕೋಶದ ಒಳಪದರವನ್ನು ಹಿಡಿದಿಡುವಷ್ಟು ಬಲವಾಗಿಲ್ಲ, ಪದರ ಸ್ವಲ್ಪಸ್ವಲ್ಪ ಉದುರುತ್ತಿದೆ. ಪ್ರತಿ ತಿಂಗಳ ಹಾಗೆ ಹೋಗುತ್ತಿಲ್ಲ, ನಿಲ್ಲುತ್ತಲೂ ಇಲ್ಲ. ಈ ವ್ಯತ್ಯಾಸ ಹೆಣ್ಣಿಗೆ ಗೊತ್ತಾಗುತ್ತದೆ. ಅವಳು ನೋಡಿ ಸುಮ್ಮನಾಗುವುದನ್ನು ತೋರಿಸಿ.

ಎರಡು-ಮೂರು ದಿನಕ್ಕೆ ಕೆಳಹೊಟ್ಟೆಯ ಒಂದು ಬದಿಯಲ್ಲಿ ನೋವು ಶುರುವಾಗುತ್ತದೆ. ಬರುತ್ತದೆ, ಹೋಗುತ್ತದೆ. ಆಮೇಲೆ ಒಂದು ರಾತ್ರಿ ಭುಜದ ತುದಿಯಲ್ಲಿ ನೋವು, ಮಲಗಿದರೆ ಹೆಚ್ಚು. ಹೊಟ್ಟೆಯೊಳಗೆ ಸೋರಿದ ರಕ್ತ ಮೇಲೆ, ಎದೆ ಮತ್ತು ಹೊಟ್ಟೆಯ ನಡುವಿನ ವಪೆಯ ಹತ್ತಿರ ಸೇರಿ ಅಲ್ಲಿನ ನರವನ್ನು ಕೆಣಕುತ್ತದೆ. ಆ ನರ ಮತ್ತು ಭುಜದ ನರ ಬೆನ್ನುಹುರಿಯಲ್ಲಿ ಒಂದೇ ಜಾಗಕ್ಕೆ ಬಂದು ಸೇರುವುದರಿಂದ ಮೆದುಳಿಗೆ ನೋವು ಭುಜದಲ್ಲಿದ್ದಂತೆ ಕಾಣುತ್ತದೆ. ನಿಮ್ಮ ಅತ್ತೆಯ ಕೊಡದ ಮಾತು ಇಲ್ಲಿ ಬರಲಿ. "ಕೊಡ ಹೊತ್ತು ಭುಜ ಹಿಡಕೊಂಡದೆ, ಎಣ್ಣೆ ಹಚ್ಚಿಕೋ" ಎಂದು ಅವರು ಪ್ರೀತಿಯಿಂದಲೇ ಹೇಳಲಿ. ಆಗ ಆ ಮಾತು ನಿಜವಾಗಿಯೂ ಭಯ ಹುಟ್ಟಿಸುತ್ತದೆ. ಈಗ ನೀವು ಬರೆದಿರುವ ಹಾಗೆ ಅತ್ತೆ ಬೈದಾಗ ಕಥೆ ಹೇಳುವ ದನಿಯೂ ಅವರ ಜೊತೆ ಸೇರಿಕೊಳ್ಳುತ್ತದೆ. ಅದು ಬೇಡ. ಭಾರ ಎತ್ತಿದ್ದಕ್ಕೆ, ಬಸ್ಸಿನಲ್ಲಿ ಓಡಾಡಿದ್ದಕ್ಕೆ, ಪಪಾಯ ತಿಂದಿದ್ದಕ್ಕೆ ಗರ್ಭ ಟ್ಯೂಬಿನಲ್ಲಿ ನಿಲ್ಲುವುದಿಲ್ಲ. ಹಳೆಯ ಸೋಂಕು, ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ, ನಮ್ಮಲ್ಲಿ ಗರ್ಭನಾಳದ ಟಿಬಿ ಕೂಡ, ಹಿಂದೆ ಒಮ್ಮೆ ಹೀಗೇ ಆಗಿದ್ದರೆ, ಟ್ಯೂಬಿನ ಮೇಲೆ ಆಪರೇಷನ್ ಆಗಿದ್ದರೆ, ಬೀಡಿ ಸಿಗರೇಟು ಸೇದುತ್ತಿದ್ದರೆ ಸಾಧ್ಯತೆ ಹೆಚ್ಚು. ಆದರೂ ಸುಮಾರು ಅರ್ಧದಷ್ಟು ಹೆಂಗಸರಲ್ಲಿ ಇಂಥ ಯಾವ ಕಾರಣವೂ ಸಿಗುವುದಿಲ್ಲ.

ಬೆಳಗಿನ ಜಾವ ಅವಳಿಗೆ ಕಕ್ಕಸಿಗೆ ಹೋಗಬೇಕು ಅನ್ನಿಸುತ್ತದೆ. ಕೆಳಗೆ ಇಳಿದ ರಕ್ತ ಗುದನಾಳವನ್ನು ಒತ್ತುತ್ತಿರುತ್ತದೆ. ಹೋದವಳು ಅಲ್ಲೇ ತಲೆ ಸುತ್ತಿ ಬೀಳುತ್ತಾಳೆ. ಹೊರಗೆ ಹೋದ ರಕ್ತ ತುಂಬಾ ಕಡಿಮೆ, ಹೊಟ್ಟೆಯೊಳಗೆ ಹೋಗಿದ್ದು ಒಂದು ಲೀಟರಿಗೂ ಹೆಚ್ಚು ಇರಬಹುದು. ನೀವು ನೆಲದ ಮೇಲೆಲ್ಲ ರಕ್ತ ಹರಿಸಿದ್ದೀರಿ, ಅದನ್ನು ತೆಗೆಯಿರಿ. ರಕ್ತ ಕಾಣದೇ ಇರುವುದರಿಂದಲೇ ಮನೆಯವರು ತಡಮಾಡುತ್ತಾರೆ. ಚಿಕ್ಕ ವಯಸ್ಸಿನ ಹೆಂಗಸಿನ ದೇಹ ಬಹಳ ಹೊತ್ತು ತಡೆದುಕೊಳ್ಳುತ್ತದೆ, ನಾಡಿ ಓಡುತ್ತಿದ್ದರೂ ಬಿಪಿ ಇಳಿದಿರುವುದಿಲ್ಲ. ಇಳಿದಾಗ ಒಮ್ಮೆಲೇ ಇಳಿಯುತ್ತದೆ.

108 ಬಂದು ತಾಲ್ಲೂಕು ಆಸ್ಪತ್ರೆ ಸೇರಿದ ಮೇಲೆ ಯಾರಾದರೂ ಒಬ್ಬರು ಮೂತ್ರದ ಟೆಸ್ಟ್ ಮಾಡಿಸಲೇಬೇಕು. ನನ್ನ ಕೈಗೆ ಕಥೆ ಕೊಟ್ಟಿದ್ದರೆ ಅದನ್ನು ಕಿರಿಯ ನರ್ಸ್ ಒಬ್ಬಳಿಂದ ಮಾಡಿಸುತ್ತಿದ್ದೆ. "ಅವರಿಗೆ ಆಪರೇಷನ್ ಆಗಿದೆ ಕಣಮ್ಮ" ಎಂದು ಗಂಡ ಹೇಳಿದರೂ ಅವಳು ಮಾಡುತ್ತಾಳೆ. ಎರಡು ಗೆರೆ ಬರುತ್ತವೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿ, ಹೊಟ್ಟೆಯಲ್ಲಿ ರಕ್ತ. ಇನ್ನು ಯೋಚಿಸಲು ಸಮಯವಿಲ್ಲ. ಎರಡು ಕಡೆ ಡ್ರಿಪ್, ರಕ್ತ ಹೊಂದಿಸುವುದು, ಅಲ್ಲೇ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಆಪರೇಷನ್, ಒಡೆದ ಟ್ಯೂಬನ್ನು ತೆಗೆಯುವುದು.

ಅವಳು ಒಂದು ವಾರ ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಡಾಕ್ಟರ ಬಾಯಲ್ಲಿ ಹೇಳಿಸಬಹುದು, ಚಿಕ್ಕದಾಗಿ. ಆಗ ಸ್ಕ್ಯಾನಿಂಗ್‌ನಲ್ಲಿ ಏನೂ ಸ್ಪಷ್ಟವಾಗಿ ಕಾಣದೇ ಇರಬಹುದು. ಆಗ ಗರ್ಭದ ಹಾರ್ಮೋನು ಅಳೆಯುವ ಬೀಟಾ ಎಚ್‌ಸಿಜಿ ಎಂಬ ರಕ್ತ ಪರೀಕ್ಷೆಯನ್ನು 48 ಗಂಟೆ ಬಿಟ್ಟು ಎರಡು ಸಲ ಮಾಡುತ್ತಾರೆ. ಮೊದಲ ಸಲ 1400 ಬಂತು ಅನ್ನಿ. ಗರ್ಭ ಸರಿಯಾದ ಜಾಗದಲ್ಲಿ ಬೆಳೆಯುತ್ತಿದ್ದರೆ ಎರಡನೇ ಸಲ 2100ರ ಹತ್ತಿರವಾದರೂ ಹೋಗಿರಬೇಕು. 1650ಕ್ಕೆ ನಿಂತರೆ ಅನುಮಾನ ಬಲವಾಗುತ್ತದೆ. ಟ್ಯೂಬು ಒಡೆದಿಲ್ಲ, ಗರ್ಭಕ್ಕೆ ಹೃದಯದ ಬಡಿತ ಕಂಡಿಲ್ಲ, ಹೆಂಗಸು ಸ್ಥಿರವಾಗಿದ್ದಾಳೆ, ಮತ್ತೆ ಮತ್ತೆ ಪರೀಕ್ಷೆಗೆ ಬರಲು ಅವಳಿಗೆ ಸಾಧ್ಯ ಎಂದಾದರೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಕೊಡುತ್ತಾರೆ. ಬೇಗ ಬೆಳೆಯುವ ಜೀವಕೋಶಗಳನ್ನು ಅದು ತಡೆಯುತ್ತದೆ, ಗರ್ಭ ನಿಧಾನವಾಗಿ ಕರಗುತ್ತದೆ. ನಾಲ್ಕನೇ ಮತ್ತು ಏಳನೇ ದಿನ ರಕ್ತ ನೋಡಿ, ಆ ನಡುವೆ ಮಟ್ಟ ಶೇ. 15ರಷ್ಟಾದರೂ ಇಳಿದಿದೆಯೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಮದ್ದು ಕೊಟ್ಟ ಮೇಲೂ ಟ್ಯೂಬು ಒಡೆಯಬಹುದು, ಹಾಗಾಗಿ ನೋವು ಜೋರಾದರೆ ಅಥವಾ ತಲೆ ಸುತ್ತಿದರೆ ಅವತ್ತೇ ಬರಬೇಕು ಎಂದು ಹೇಳಿ ಕಳಿಸುತ್ತಾರೆ.

ಕೊನೆಗೆ ಗೌರಿಯ ಮಾತು. ನಿಮ್ಮ ಕಥೆಯಲ್ಲಿ ಅವಳು ಡಾಕ್ಟರ ಕಾಲಿಗೆ ಬೀಳುತ್ತಾಳೆ, ಅಷ್ಟೆ. ಎಚ್ಚರವಾದ ಮೇಲೆ ಅವಳು "ಮಗು ಇತ್ತಾ?" ಎಂದು ಕೇಳಲಿ. ತನಗೆ ಗೊತ್ತೇ ಇಲ್ಲದ ಗರ್ಭ ಅದು, ಆದರೂ ಕೇಳುತ್ತಾಳೆ, ನಾನು ಕಂಡ ಎಷ್ಟೋ ಜನ ಕೇಳಿದ್ದಾರೆ. ಡಾಕ್ಟರು ಸುಳ್ಳು ಹೇಳದೆ, ಅದು ಬೆಳೆಯಲಾಗದ ಜಾಗದಲ್ಲಿತ್ತು, ನೀನು ಏನು ಮಾಡಿದ್ದರೂ ಮಾಡದಿದ್ದರೂ ಉಳಿಯುತ್ತಿರಲಿಲ್ಲ ಎಂದು ಹೇಳಲಿ. ಆ ಹೊತ್ತಿಗೆ ಅತ್ತೆಯೂ ಹಾಸಿಗೆಯ ಪಕ್ಕದಲ್ಲೇ ಇರಬೇಕು.

ಆಸ್ಪತ್ರೆಯ ಭಾಗವನ್ನು ಮೊದಲಿನಿಂದ ಹೊಸದಾಗಿ ಬರೆದು ಕಳಿಸಿ. ಗೌರಿಯ ರಕ್ತದ ಗುಂಪು ಒ ನೆಗೆಟಿವ್ ಎಂದು ನೀವೇ ಒಂದು ಕಡೆ ಬರೆದಿದ್ದೀರಿ. ಅದನ್ನು ಉಳಿಸಿಕೊಳ್ಳುವುದಾದರೆ ಆಪರೇಷನ್ ಆದ 72 ಗಂಟೆಯೊಳಗೆ, ನೆಗೆಟಿವ್ ಗುಂಪಿನ ಹೆಂಗಸರಿಗೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಕೊಟ್ಟಿದ್ದನ್ನೂ ಬರೆಯಬೇಕು. ರಕ್ತ ಹೊಂದಿಸುವ ದೃಶ್ಯವೂ ಆಗ ಬದಲಾಗುತ್ತದೆ, ಯಾಕೆಂದರೆ ತಾಲ್ಲೂಕಿನಲ್ಲಿ ಆ ಗುಂಪು ಬೇಗ ಸಿಗುವುದಿಲ್ಲ.